ಪ್ಲಂಬರ್‌ಗೆ ಕಳಿಸುವ ಸಂದೇಶ: ಒಂದೇ ಸಲಕ್ಕೆ ಕೆಲಸ ಮುಗಿಯಬೇಕಾದರೆ ಏನು ಬರೆಯಬೇಕು?

ಪ್ರಶ್ನೆ: ನಾವು ಜಯನಗರದಲ್ಲಿ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿದ್ದೇವೆ. ಸ್ನಾನದ ಮನೆಯ ನಲ್ಲಿ ಸೋರುತ್ತಿತ್ತು. ಗೊತ್ತಿದ್ದವರು ಕೊಟ್ಟ ನಂಬರಿಗೆ ‘ನಲ್ಲಿ ರಿಪೇರಿ ಇದೆ, ಅರ್ಜೆಂಟ್, ಜಯನಗರ 4ನೇ ಬ್ಲಾಕ್, ನಾಳೆ ಸಂಜೆ ಬನ್ನಿ’ ಎಂದು ಸಂದೇಶ ಕಳಿಸಿದೆ. ಪ್ಲಂಬರ್ ಒಂದು ದಿನ ತಡವಾಗಿ, ಎಲ್ಲೆಲ್ಲೋ ಸುತ್ತಾಡಿ ಬಂದರು. ಇದಕ್ಕೆ ಬೇಕಾದ ಸಾಮಾನು ತಂದಿಲ್ಲ ಎಂದು ಬಂದ ಖರ್ಚು ತೆಗೆದುಕೊಂಡು ಹೋದವರು ಮತ್ತೆ ಬಂದಿಲ್ಲ. ವಿವರ ಹೆಚ್ಚು ಬರೆದರೆ ರೇಟು ಏರಿಸುತ್ತಾರೆ ಎನ್ನುತ್ತಾರೆ ಪಕ್ಕದ ಮನೆಯವರು. ನನಗೆ ಹಗಲೆಲ್ಲ ಕಚೇರಿ, ಫೋನಿನಲ್ಲಿ ಮಾತನಾಡುತ್ತ ಕೂರಲು ಆಗುವುದಿಲ್ಲ. ಚಿಕ್ಕದಾಗಿ, ಕನ್ನಡದಲ್ಲಿ, ಕೆಲಸ ಆಗುವ ಹಾಗೆ ಹೇಗೆ ಬರೆಯಲಿ?
— ಓದುಗರು, ಬೆಂಗಳೂರು

ಉತ್ತರ: ನಾನು ಪ್ಲಂಬಿಂಗ್ ಗುತ್ತಿಗೆ ಮಾಡುವವನು. ನಿಮ್ಮದರಂಥ ಸಂದೇಶಗಳು ನನ್ನ ಫೋನಿಗೆ ದಿನವೂ ಬರುತ್ತವೆ. ಅದನ್ನು ಓದುವಾಗ ನಾವು ಸಾಮಾನ್ಯವಾಗಿ ಇನ್ನೊಬ್ಬರ ಮನೆಯ ಸಿಂಕಿನ ಕೆಳಗೆ ಬಗ್ಗಿರುತ್ತೇವೆ, ಕೈ ಒದ್ದೆಯಾಗಿರುತ್ತದೆ, ಪರದೆಯ ಮೇಲೆ ಕಾಣುವ ಮೊದಲ ಎರಡು ಸಾಲಷ್ಟೇ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ನಾವು ಎರಡು ತೀರ್ಮಾನ ಮಾಡಬೇಕು. ಈ ಮನೆಗೆ ಚೀಲದಲ್ಲಿ ಏನು ಹಾಕಿಕೊಂಡು ಹೋಗಬೇಕು, ಮತ್ತು ಇವತ್ತಿನ ನಾಲ್ಕೈದು ಮನೆಗಳ ನಡುವೆ ಇದನ್ನು ಎಲ್ಲಿ ಸೇರಿಸಬೇಕು. ನಿಮ್ಮ ಸಂದೇಶದಿಂದ ಎರಡೂ ಗೊತ್ತಾಗುವಂತಿರಲಿಲ್ಲ. ಆ ಪ್ಲಂಬರ್ ಮತ್ತೆ ಬರದೇ ಹೋದದ್ದನ್ನು ನಾನು ಸಮರ್ಥಿಸುವುದಿಲ್ಲ. ಬರುವುದಿಲ್ಲ ಎಂದಾದರೂ ಹೇಳಬೇಕಿತ್ತು. ಆದರೆ ಮೊದಲ ದಿನ ಅವರು ಬರಿಗೈಯಲ್ಲಿ ಬಂದದ್ದಕ್ಕೆ ಕಾರಣ ‘ನಲ್ಲಿ ರಿಪೇರಿ’ ಎಂಬ ಎರಡೇ ಪದ.

ನಲ್ಲಿ ಸೋರುವ ಜಾಗ ಮುಖ್ಯವಾಗಿ ಮೂರು: ನೀರು ಬೀಳುವ ಮೂತಿ, ತಿರುಗಿಸುವ ಹಿಡಿಯ ಬುಡ, ನಲ್ಲಿ ಗೋಡೆಯೊಳಗೆ ಹೋಗುವ ಜಾಗ. ಈ ಮೂರಕ್ಕೂ ಕೆಲಸ ಬೇರೆ, ಸಾಮಾನು ಬೇರೆ, ಹಿಡಿಯುವ ಸಮಯವೂ ಬೇರೆ. ನೀರು ಎಲ್ಲ ಕಡೆ ಹರಡಿಕೊಂಡಿರುವುದರಿಂದ ಬರಿಗಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ. ಹೀಗೆ ಮಾಡಿ. ನಲ್ಲಿಯನ್ನು ಪೂರ್ತಿ ನಿಲ್ಲಿಸಿ, ಒಣ ಬಟ್ಟೆಯಿಂದ ನಲ್ಲಿಯನ್ನೂ ಅದರ ಹಿಂದಿನ ಟೈಲ್ಸನ್ನೂ ಚೆನ್ನಾಗಿ ಒರೆಸಿ. ಹಿಡಿಯ ಬುಡಕ್ಕೆ ಒಂದು ತುಂಡು, ಗೋಡೆಗೆ ತಾಗುವ ಕಡೆ ಒಂದು ತುಂಡು ಕಾಗದದ ಕರವಸ್ತ್ರ ಸುತ್ತಿ ಐದು ನಿಮಿಷ ಬಿಡಿ. ಮೊದಲು ಯಾವುದು ಒದ್ದೆಯಾಯಿತು ಎಂದು ನೋಡಿ. ಎರಡೂ ಒಣಗಿದ್ದು ಮೂತಿಯಿಂದ ಮಾತ್ರ ಹನಿ ಬಿದ್ದರೆ ಅಲ್ಲಿಗೆ ತೀರ್ಮಾನವಾಯಿತು. ಬಳಿಕ ನಲ್ಲಿಯನ್ನು ಪೂರ್ತಿ ತೆರೆದು ಇನ್ನೊಮ್ಮೆ ನೋಡಿ. ಕೆಲವು ನಲ್ಲಿಗಳು ನಿಲ್ಲಿಸಿದಾಗ ಸೋರುವುದಿಲ್ಲ, ಬಿಟ್ಟಾಗ ಮಾತ್ರ ಹಿಡಿಯ ಕತ್ತಿನಿಂದ ನೀರು ಉಕ್ಕುತ್ತದೆ.

ಮೂತಿಯಿಂದ ತೊಟ್ಟಿಕ್ಕುತ್ತಿದ್ದರೆ ಒಳಗೆ ನೀರು ತಡೆಯುವ ಭಾಗ ಸವೆದಿದೆ ಎಂದರ್ಥ. ಆ ಭಾಗ ಯಾವುದು ಎಂಬುದು ನಿಮ್ಮ ನಲ್ಲಿ ಯಾವ ಕಾಲದ್ದು ಎಂಬುದರ ಮೇಲೆ ನಿಲ್ಲುತ್ತದೆ. ಹಳೆಯ ನಲ್ಲಿಯನ್ನು ಮೂರು ನಾಲ್ಕು ಸುತ್ತು ತಿರುಗಿಸಬೇಕು. ಅದರೊಳಗೆ ಇರುವುದು ರಬ್ಬರ್ ವಾಷರ್. ಅದು ಎಲ್ಲ ಪ್ಲಂಬರ್‌ಗಳ ಚೀಲದಲ್ಲೂ ಇರುತ್ತದೆ, ನೀರು ನಿಂತಿದ್ದರೆ ಕಾಲು ಗಂಟೆಯ ಕೆಲಸ. ಈಗಿನ ನಲ್ಲಿಗಳಲ್ಲಿ ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ನೀರು ಪೂರ್ತಿ ಬರುತ್ತದೆ. ಇವುಗಳಲ್ಲಿ ಎರಡು ಪಿಂಗಾಣಿ ಬಿಲ್ಲೆಗಳು ಒಂದರ ಮೇಲೊಂದು ಜಾರುವ ಸ್ಪಿಂಡಲ್ ಇರುತ್ತದೆ. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ, ಟ್ಯಾಂಕಿನ ಮರಳು ಆ ಬಿಲ್ಲೆಗಳ ನಡುವೆ ಸಿಕ್ಕಿಕೊಂಡು ಗೀರು ಬಿದ್ದರೆ ಹನಿ ನಿಲ್ಲುವುದಿಲ್ಲ. ಸ್ಪಿಂಡಲ್ಲನ್ನೇ ಬದಲಿಸಬೇಕು. ತೊಡಕು ಇರುವುದು ಇಲ್ಲಿಯೇ. ಒಂದು ಕಂಪನಿಯ ಸ್ಪಿಂಡಲ್ ಇನ್ನೊಂದು ಕಂಪನಿಯ ನಲ್ಲಿಗೆ ಕೂರುವ ಖಾತ್ರಿಯಿಲ್ಲ. ಹಲ್ಲುಗಳ ಎಣಿಕೆ, ಉದ್ದ, ತಿರುಗುವ ದಿಕ್ಕು ಎಲ್ಲದರಲ್ಲೂ ವ್ಯತ್ಯಾಸ ಇರುತ್ತದೆ. ನಿಮ್ಮ ಮನೆಗೆ ಬಂದವರು ಸಾಮಾನು ತಂದಿಲ್ಲ ಎಂದದ್ದು ಬಹುತೇಕ ಇದೇ ಕಾರಣಕ್ಕೆ. ಹಾಗಾಗಿ ‘ಕಾಲು ಸುತ್ತಿನ ನಲ್ಲಿ’ ಎಂಬ ಮಾತು ಮತ್ತು ಹಿಡಿಯ ಮೇಲೋ ಮೈಮೇಲೋ ಕೆತ್ತಿರುವ ಕಂಪನಿಯ ಹೆಸರು ನಿಮ್ಮ ಸಂದೇಶದಲ್ಲಿದ್ದರೆ ಅರ್ಧ ಕೆಲಸ ಅಂಗಡಿಯಲ್ಲೇ ಮುಗಿದಿರುತ್ತದೆ.

ಹಿಡಿಯ ಕತ್ತಿನಿಂದ ನೀರು ಬಂದರೆ ಅಲ್ಲಿ ಬಿಗಿ ಹಿಡಿಯುವ ಗ್ಲ್ಯಾಂಡ್ ನಟ್ ಸಡಿಲವಾಗಿದೆ ಅಥವಾ ಒಳಗಿನ ರಬ್ಬರ್ ಉಂಗುರ ಹೋಗಿದೆ. ಇದು ಸಣ್ಣ ಕೆಲಸ. ಗೋಡೆಯ ಕಡೆಯಿಂದ ಬಂದರೆ ಮಾತ್ರ ಬೇರೆಯೇ ಲೆಕ್ಕ. ಅದೃಷ್ಟವಿದ್ದರೆ ನಲ್ಲಿಯನ್ನು ಬಿಚ್ಚಿ, ಅದರ ತಿರುಪಿನ ಸುತ್ತುಗಳಿಗೆ ಹೊಸದಾಗಿ ಟೆಫ್ಲಾನ್ ಟೇಪ್ ಸುತ್ತಿ ಮತ್ತೆ ಕೂರಿಸಿದರೆ ಆಯಿತು. ಹಳೆಯ ಮನೆಯಲ್ಲಿ ಕಬ್ಬಿಣದ ಜಿಐ ಪೈಪಿದ್ದರೆ ನಲ್ಲಿಯನ್ನು ಪೈಪಿಗೆ ಜೋಡಿಸುವ ನಿಪ್ಪಲ್ ತುಕ್ಕು ಹಿಡಿದು, ಬಿಚ್ಚುವಾಗಲೇ ಗೋಡೆಯೊಳಗೆ ಮುರಿಯಬಹುದು. ಹಳದಿ ಬಣ್ಣದ ಸಿಪಿವಿಸಿ ಪ್ಲಾಸ್ಟಿಕ್ ಪೈಪಿದ್ದರೆ ಒಳಗಿನ ಎಲ್ಬೋ, ಅಂದರೆ ಪೈಪು ತಿರುಗುವ ಮೂಲೆಯ ತುಂಡು, ಸೀಳಿರಬಹುದು. ಆಗ ಟೈಲ್ಸ್ ಒಡೆಯಬೇಕು, ಅಂಟು ಹಚ್ಚಿ ಕೂರಿಸಿದ ಜಾಯಿಂಟ್ ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದಿರುವಷ್ಟು ಹೊತ್ತು ನೀರು ಬಿಡದೆ ಕಾಯಬೇಕು. ಅರ್ಧ ದಿನವಂತೂ ಹೋಯಿತು. ಬಾಡಿಗೆ ಮನೆಯಾದ್ದರಿಂದ ಟೈಲ್ಸ್ ಮುಟ್ಟುವ ಮುಂಚೆ ಮನೆಯ ಮಾಲೀಕರಿಗೂ ಒಂದು ಮಾತು ತಿಳಿಸಬೇಕು. ಈ ಸಾಧ್ಯತೆ ಇರುವ ಮನೆಗೆ ಸಂಜೆ ಆರೂವರೆಗೆ ಬನ್ನಿ ಎಂದರೆ ಯಾವ ಅನುಭವಿಯೂ ಒಪ್ಪುವುದಿಲ್ಲ. ಮಧ್ಯದಲ್ಲಿ ಒಂದು ಎಲ್ಬೋ ಬೇಕಾದರೆ ಹಾರ್ಡ್‌ವೇರ್ ಅಂಗಡಿ ಮುಚ್ಚಿರುತ್ತದೆ, ಇಡೀ ಮನೆ ರಾತ್ರಿಯೆಲ್ಲ ನೀರಿಲ್ಲದೆ ಇರಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನೀವು ಕಂಡದ್ದನ್ನು ಬರೆಯಿರಿ, ಮದ್ದನ್ನು ಬರೆಯಬೇಡಿ. ‘ವಾಷರ್ ಬದಲಿಸಬೇಕು’ ಎಂದು ಬರೆದರೆ ನಾವು ವಾಷರ್ ಹಿಡಿದುಕೊಂಡು ಬರುತ್ತೇವೆ, ವಾಷರ್‌ನ ರೇಟು ಹೇಳಿರುತ್ತೇವೆ. ಬಂದು ನೋಡಿದರೆ ಅದು ಸ್ಪಿಂಡಲ್. ಆಮೇಲೆ ಇಬ್ಬರಿಗೂ ಜಗಳ. ‘ನಿಲ್ಲಿಸಿದರೂ ಮೂತಿಯಿಂದ ಹನಿ ಬೀಳುತ್ತದೆ, ಕಾಲು ಸುತ್ತಿನ ನಲ್ಲಿ’ ಎಂದರೆ ಕಾರಣ ಕಂಡುಹಿಡಿಯುವ ಹೊಣೆ ನಮ್ಮದಾಗಿಯೇ ಉಳಿಯುತ್ತದೆ. ಇದೇ ಮಾತು ಉಳಿದ ತೊಂದರೆಗಳಿಗೂ ಅನ್ವಯಿಸುತ್ತದೆ. ಗೋಡೆಯಲ್ಲಿ ತೇವ ಕಂಡರೆ ‘ಪೈಪ್ ಒಡೆದಿದೆ’ ಎಂದು ಬರೆಯುವವರೇ ಹೆಚ್ಚು. ಅದರ ಬದಲು ತೇವ ಸದಾ ಇರುತ್ತದೆಯೋ, ಯಾರಾದರೂ ಸ್ನಾನ ಮಾಡಿದ ಮೇಲೆ ಮಾತ್ರ ಹೆಚ್ಚುತ್ತದೆಯೋ ಎಂದು ತಿಳಿಸಿದರೆ ಸಾಕು. ಸದಾ ಇದ್ದರೆ ಟ್ಯಾಂಕಿನಿಂದ ಬರುವ ಪೈಪಿನ ಮೇಲೆ ನಮ್ಮ ಅನುಮಾನ ಹೋಗುತ್ತದೆ, ಬಳಸಿದಾಗ ಮಾತ್ರ ಹೆಚ್ಚಿದರೆ ಹೊರಹೋಗುವ ಪೈಪಿನ ಮೇಲೋ ಟೈಲ್ಸ್ ಸಂದಿಯ ಮೇಲೋ.

ಫೋಟೊ ಒಂದಿದ್ದರೆ ಬರೆಯುವ ಶ್ರಮ ಉಳಿಯಿತು ಎಂದುಕೊಳ್ಳುವವರಿದ್ದಾರೆ. ಫೋಟೊದಲ್ಲಿ ಹನಿ ಎಲ್ಲಿಂದ ಹುಟ್ಟಿತು ಎಂಬುದು ಕಾಣುವುದಿಲ್ಲ, ಒದ್ದೆ ಮಾತ್ರ ಕಾಣುತ್ತದೆ. ಫೋಟೊದ ನಿಜವಾದ ಉಪಯೋಗ ನಲ್ಲಿಯ ಮಾದರಿಯನ್ನು ತೋರಿಸುವುದು. ಹಾಗಾಗಿ ಎರಡು ತೆಗೆಯಿರಿ. ಒಂದು, ಎರಡು ಹೆಜ್ಜೆ ದೂರದಿಂದ, ನಲ್ಲಿಯೂ ಸುತ್ತಲಿನ ಗೋಡೆಯೂ ಕಾಣುವಂತೆ. ಇನ್ನೊಂದು ಹತ್ತಿರದಿಂದ, ಕಂಪನಿಯ ಹೆಸರು ಓದಲು ಬರುವಂತೆ. ಎಂಟು ಹತ್ತು ಫೋಟೊ ಕಳಿಸಿದರೆ ನಿಮ್ಮ ಬರಹ ಮೇಲೆ ಸರಿದುಹೋಗಿ ಅದನ್ನು ಯಾರೂ ಓದುವುದಿಲ್ಲ.

‘ಅರ್ಜೆಂಟ್’ ಎಂಬ ಪದದ ಬಗ್ಗೆಯೂ ಹೇಳಿಬಿಡುತ್ತೇನೆ. ನಮಗೆ ಬರುವ ಸಂದೇಶಗಳಲ್ಲಿ ಅದಿಲ್ಲದ್ದು ಅಪರೂಪ, ಆದ್ದರಿಂದ ನಾವು ಅದನ್ನು ಓದುವುದನ್ನೇ ಬಿಟ್ಟಿದ್ದೇವೆ. ಅದರ ಬದಲು ಅಳತೆ ಹೇಳಿ. ಹನಿಯ ಕೆಳಗೆ ಒಂದು ಲೀಟರಿನ ಚೊಂಬು ಇಟ್ಟು ಎಷ್ಟು ಹೊತ್ತಿಗೆ ತುಂಬಿತು ಎಂದು ನೋಡಿ. ಗಂಟೆಗೊಂದು ಚೊಂಬು ಎಂದರೆ ದಿನಕ್ಕೆ 24 ಲೀಟರ್. ಇಂಥದ್ದಕ್ಕೆ ಬಕೆಟ್ ಇಟ್ಟು ಎರಡು ದಿನ ತಡೆಯಬಹುದು, ಆ ನೀರನ್ನು ಬಳಸಲೂಬಹುದು. ಹತ್ತು ನಿಮಿಷಕ್ಕೆ ತುಂಬಿದರೆ ರಾತ್ರಿ ಕಳೆಯುವುದರಲ್ಲಿ ಟ್ಯಾಂಕಿನಿಂದ ಎರಡು ಮೂರು ಬಕೆಟ್ ನೀರು ಹೋಗಿರುತ್ತದೆ, ನಾವು ಬೇರೆ ಮನೆಯನ್ನು ಹಿಂದೆ ಹಾಕಿ ಬರುತ್ತೇವೆ.

ಇನ್ನು, ಬಹುತೇಕ ಯಾರೂ ಬರೆಯದ, ಆದರೆ ನಾವು ಎಲ್ಲಕ್ಕಿಂತ ಹೆಚ್ಚು ಕಾಯುವ ಮಾಹಿತಿ ಒಂದಿದೆ. ಮನೆಯಲ್ಲಿ ನೀರು ನಿಲ್ಲಿಸಲು ಆಗುತ್ತದೆಯೇ? ನಲ್ಲಿಯನ್ನು ಬಿಚ್ಚಬೇಕಾದರೆ ಅದಕ್ಕೆ ಬರುವ ನೀರು ನಿಲ್ಲಬೇಕು. ಕೆಲವು ಸ್ನಾನದ ಮನೆಗಳಲ್ಲಿ ಗೋಡೆಯಲ್ಲೇ ಒಂದು ಸ್ಟಾಪ್ ಕಾಕ್ ಇರುತ್ತದೆ. ಅದಿಲ್ಲದಿದ್ದರೆ ತಾರಸಿಯ ಟ್ಯಾಂಕಿನ ಬುಡದ ಗೇಟ್ ವಾಲ್ವ್ ಮುಚ್ಚಬೇಕು. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ತಾರಸಿಯ ಬೀಗದ ಕೈ ಮಾಲೀಕರ ಬಳಿ ಇರುತ್ತದೆ, ಮಾಲೀಕರು ಊರಿಗೆ ಹೋಗಿರುತ್ತಾರೆ. ಪ್ಲಂಬರ್ ಬಂದು ಮೆಟ್ಟಿಲ ಮೇಲೆ ಕೂತು ಕಾದು ವಾಪಸು ಹೋಗುವ ಪ್ರಸಂಗಗಳಲ್ಲಿ ಅನೇಕ ಇದರಿಂದಲೇ ಆಗುವಂಥವು. ಒಂದೇ ಟ್ಯಾಂಕಿನಿಂದ ಕೆಳಗಿನ ಮನೆಗೂ ನೀರು ಹೋಗುತ್ತಿದ್ದರೆ ಅವರಿಗೂ ಮೊದಲೇ ಹೇಳಬೇಕು. ಅಡುಗೆಯ ಹೊತ್ತಿನಲ್ಲಿ ನೀರು ನಿಂತರೆ ಅವರ ಸಿಟ್ಟು ಬೀಳುವುದು ನಮ್ಮ ಮೇಲೆ.

ಸಂದೇಶ ಕಳಿಸುವ ಮುಂಚೆ ಒಮ್ಮೆ ಆ ವಾಲ್ವ್ ಮುಚ್ಚಿ, ಸೋರುವ ನಲ್ಲಿಯನ್ನು ತೆರೆದಿಡಿ. ಪೈಪಿನಲ್ಲಿ ಉಳಿದದ್ದು ಹರಿದು ಒಂದೆರಡು ನಿಮಿಷದಲ್ಲಿ ಧಾರೆ ಸಣ್ಣಗಾಗಿ ನಿಂತರೆ ವಾಲ್ವ್ ಸರಿಯಿದೆ. ಸಣ್ಣ ಧಾರೆ ಬರುತ್ತಲೇ ಇದ್ದರೆ ವಾಲ್ವ್ ಪೂರ್ತಿ ಮುಚ್ಚಿಲ್ಲ. ವರ್ಷಗಟ್ಟಲೆ ಮುಟ್ಟದ ವಾಲ್ವ್ ತಿರುಗದೇ ಇದ್ದರೆ ಬಲ ಹಾಕಲು ಹೋಗಬೇಡಿ. ಒಳಗಿನ ಕಡ್ಡಿ ಮುರಿದರೆ ಕಾಲು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ. ‘ವಾಲ್ವ್ ತಿರುಗುತ್ತಿಲ್ಲ’ ಎಂದು ಹಾಗೆಯೇ ಬರೆಯಿರಿ. ಟ್ಯಾಂಕ್ ಖಾಲಿ ಮಾಡಿಟ್ಟಿರಿ ಎಂದು ನಾವು ಹೇಳುತ್ತೇವೆ, ಇಲ್ಲವೇ ಹೊಸ ವಾಲ್ವ್ ಜೊತೆಗೆ ತರುತ್ತೇವೆ.

ವಿಳಾಸಕ್ಕೆ ಬರೋಣ. ನಿಮ್ಮ ಮನೆ ಇರುವುದು 4ನೇ ಬ್ಲಾಕಿನಲ್ಲೋ 4ನೇ ಟಿ ಬ್ಲಾಕಿನಲ್ಲೋ ನಿಮ್ಮ ಪ್ರಶ್ನೆಯಿಂದ ಈಗಲೂ ನನಗೆ ಗೊತ್ತಾಗಿಲ್ಲ. ಜಯನಗರದಲ್ಲಿ ಎರಡೂ ಇವೆ, ಅಕ್ಕಪಕ್ಕದಲ್ಲೇ ಇವೆ. ಬರೀ ‘4ನೇ ಬ್ಲಾಕ್’ ಎಂದರೆ ರಾಜಾಜಿನಗರದಲ್ಲೂ ಇದೆ, ಕೋರಮಂಗಲದಲ್ಲೂ ಇದೆ. ಮೇನ್ ಮತ್ತು ಕ್ರಾಸ್ ಎರಡನ್ನೂ ಬರೆಯದಿದ್ದರೆ ಬೆಂಗಳೂರಿನಲ್ಲಿ ಮನೆ ಸಂಖ್ಯೆಯಿಂದ ಪ್ರಯೋಜನವಿಲ್ಲ, ಏಕೆಂದರೆ ಅದೇ ಸಂಖ್ಯೆ ಪಕ್ಕದ ಕ್ರಾಸಿನಲ್ಲೂ ಇರುತ್ತದೆ. ಗೇಟಿನ ಮೇಲೆ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡೂ ಇದ್ದರೆ ಕಣ್ಣಿಗೆ ದೊಡ್ಡದಾಗಿ ಕಾಣುವುದನ್ನು ಬರೆಯಿರಿ. ಪಿನ್ ಕೋಡ್ ಅಂಚೆಯವರಿಗೆ ಇರಲಿ, ಆ ಜಾಗದಲ್ಲಿ ಗುರುತು ಹೇಳಿ. ಗುರುತು ಎಂದರೆ ಗಾಡಿ ಓಡಿಸುತ್ತ ರಸ್ತೆಯಿಂದಲೇ ಕಾಣಬೇಕು. ‘ಪಾರ್ಕಿನ ಹತ್ತಿರ’ ಎಂದರೆ ಪಾರ್ಕಿಗೆ ನಾಲ್ಕು ಬದಿ ಇರುತ್ತದೆ. ‘ಹಾಲಿನ ಬೂತಿನ ಎದುರು, ಹಸಿರು ಗೇಟು’ ಎಂದರೆ ಯಾರನ್ನೂ ಕೇಳುವ ಅಗತ್ಯ ಬೀಳುವುದಿಲ್ಲ. ಮಹಡಿ ಯಾವುದು, ಮೆಟ್ಟಿಲು ಹೊರಗಿನಿಂದಲೋ ಒಳಗಿನಿಂದಲೋ ಎಂಬುದನ್ನೂ ಸೇರಿಸಿದರೆ ಕೆಳಗಿನ ಮನೆಯ ಗಂಟೆ ಬಾರಿಸುವುದು ತಪ್ಪುತ್ತದೆ.

ಲೊಕೇಶನ್ ಕಳಿಸಿದರೆ ಸಾಕಲ್ಲ ಎಂದು ನೀವು ಕೇಳಬಹುದು. ಕಳಿಸಿ, ಆದರೆ ಎಲ್ಲಿ ಕೂತು ಕಳಿಸುತ್ತಿದ್ದೀರಿ ಎಂದು ನೋಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ‘ಈಗಿನ ಸ್ಥಳ’ ಒತ್ತಿದರೆ ಹೋಗುವುದು ನಿಮ್ಮ ಫೋನ್ ಆ ಕ್ಷಣ ಇರುವ ಜಾಗ. ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಕಳಿಸಿದ ಲೊಕೇಶನ್ ಹಿಡಿದು ನಮ್ಮ ಹುಡುಗರು ಕಂಪನಿಯ ಗೇಟಿನ ಮುಂದೆ ಚೀಲ ಹೊತ್ತು ನಿಂತದ್ದುಂಟು. ಲೈವ್ ಲೊಕೇಶನ್ ಆದರೆ ಒಂದು ಹೊತ್ತಿಗೆ ತಾನೇ ನಿಂತುಹೋಗುತ್ತದೆ, ಶನಿವಾರದ ಕೆಲಸಕ್ಕೆ ಗುರುವಾರ ಕಳಿಸಿದರೆ ಉಪಯೋಗವಿಲ್ಲ. ರಾತ್ರಿ ಮನೆಗೆ ಬಂದ ಮೇಲೆ, ಗೇಟಿನ ಬಳಿ ನಿಂತು ಕಳಿಸಿ. ಬರೆದ ವಿಳಾಸ ಅದರ ಜೊತೆಗೆ ಇರಲೇಬೇಕು.

ವಿಳಾಸ, ತೊಂದರೆ, ಸಮಯ ಮೂರೂ ಒಂದೇ ಸಂದೇಶದಲ್ಲಿರಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ನೀವು ಬರೆಯುವುದು ಗುತ್ತಿಗೆದಾರನಿಗೆ, ಬರುವುದು ಅವನ ಹುಡುಗ. ನಾವು ನಿಮ್ಮ ಸಂದೇಶವನ್ನು ಅವನಿಗೆ ಫಾರ್ವರ್ಡ್ ಮಾಡುತ್ತೇವೆ, ಅಷ್ಟೇ. ಹಾಗೆ ಫಾರ್ವರ್ಡ್ ಆದ ಸಂದೇಶದ ಜೊತೆ ನಿಮ್ಮ ನಂಬರ್ ಹೋಗುವುದಿಲ್ಲ. ವಿಳಾಸ ಬೇರೆ ಸಂದೇಶದಲ್ಲಿದ್ದರೆ ಅದೂ ಹಿಂದೆಯೇ ಉಳಿಯುತ್ತದೆ. ಹಾಗಾಗಿ ಕೊನೆಯ ಸಾಲಿನಲ್ಲಿ ನಿಮ್ಮ ಹೆಸರು, ಮೊಬೈಲ್ ಸಂಖ್ಯೆ ಇರಲಿ, ನೀವು ನಿಮ್ಮದೇ ಫೋನಿನಿಂದ ಕಳಿಸುತ್ತಿದ್ದರೂ.

ಸಮಯದ ವಿಷಯದಲ್ಲಿ ನಿಮ್ಮ ‘ನಾಳೆ ಸಂಜೆ’ ಎರಡು ಕಡೆ ಎಡವಿದೆ. ಸಂದೇಶವನ್ನು ನಾವು ರಾತ್ರಿ ಹನ್ನೊಂದಕ್ಕೋ ಮರುದಿನ ಬೆಳಿಗ್ಗೆಯೋ ಓದಿದರೆ ‘ನಾಳೆ’ ಒಂದು ದಿನ ಮುಂದಕ್ಕೆ ಜರುಗುತ್ತದೆ. ಅವರು ಒಂದು ದಿನ ತಡವಾಗಿ ಬಂದದ್ದು ಹೀಗೇ ಆಗಿರಬಹುದು. ವಾರ, ತಾರೀಕು ಎರಡನ್ನೂ ಬರೆಯಿರಿ. ‘ಸಂಜೆ’ ಎಂದರೆ ನಿಮಗೆ ಕಚೇರಿ ಮುಗಿದ ಮೇಲಿನ ಹೊತ್ತು, ನಮಗೆ ನಾಲ್ಕು ಗಂಟೆ. ಹಾಗೆಂದು ‘ಸರಿಯಾಗಿ 10.30ಕ್ಕೆ’ ಎಂದರೂ ಕೆಲಸಕ್ಕೆ ಬಾರದು. ಹಿಂದಿನ ಮನೆಯಲ್ಲಿ ಒಂದು ಪೈಪು ಹಟ ಹಿಡಿದರೆ ನಮ್ಮ ಲೆಕ್ಕವೆಲ್ಲ ಒಂದು ಗಂಟೆ ಹಿಂದೆ ಬೀಳುತ್ತದೆ. ಎರಡು ಗಂಟೆಯ ಅವಕಾಶ ಕೊಡಿ, ಅದು ಆಗದಿದ್ದರೆ ಇನ್ನೊಂದು ದಿನವನ್ನೂ ಅಲ್ಲೇ ಸೂಚಿಸಿ.

ನಿಮ್ಮಂತೆ ಕೆಲಸಕ್ಕೆ ಹೋಗುವವರು ಭಾನುವಾರವನ್ನೇ ಹಿಡಿಯುತ್ತಾರೆ. ಭಾನುವಾರ ಅನೇಕ ಹಾರ್ಡ್‌ವೇರ್ ಅಂಗಡಿಗಳು ಮುಚ್ಚಿರುತ್ತವೆ, ಇಲ್ಲವೇ ಅರ್ಧ ದಿನ ತೆರೆದಿರುತ್ತವೆ. ಅಪಾರ್ಟ್‌ಮೆಂಟ್ ಆದರೆ ಆ ದಿನ ಗೋಡೆ ಒಡೆಯಲು ಬಿಡುವುದಿಲ್ಲ. ಶನಿವಾರ ರಜೆ ಇದ್ದರೆ ಬೆಳಿಗ್ಗೆ 10ರಿಂದ 12 ಎಲ್ಲಕ್ಕಿಂತ ಒಳ್ಳೆಯದು. ಮನೆಮಂದಿಯ ಸ್ನಾನ ಮುಗಿದಿರುತ್ತದೆ, ಅಂಗಡಿ ತೆರೆದಿರುತ್ತದೆ, ಕೆಲಸ ಬೆಳೆದರೂ ಮುಂದೆ ಹಗಲು ಇರುತ್ತದೆ. ಶನಿವಾರ ರಜೆ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಸಾಮಾನು ಯಾವುದೆಂದು ಸಂದೇಶದಿಂದಲೇ ಗೊತ್ತಾದರೆ ಹಿಂದಿನ ದಿನವೇ ತಂದಿಟ್ಟುಕೊಂಡು ಬೆಳಿಗ್ಗೆ 8ಕ್ಕೆ, ನೀವು ಕಚೇರಿಗೆ ಹೊರಡುವ ಮುಂಚೆ ನಾವು ಬರಬಹುದು. ಇದು ಮೂತಿಯ ಹನಿಗೆ ಸರಿ. ಗೋಡೆಯ ಕಡೆಯ ಸೋರಿಕೆಗೆ ಈ ಸಮಯ ಕೇಳಬೇಡಿ. ನೀವು ಹೊರಡುವ ಹೊತ್ತಿಗೆ ಗೋಡೆ ತೆರೆದ ಸ್ಥಿತಿಯಲ್ಲೇ ಇರುತ್ತದೆ.

ಪಕ್ಕದ ಮನೆಯವರ ರೇಟಿನ ಮಾತು ಪೂರ್ತಿ ಸುಳ್ಳಲ್ಲ. ಗಾಬರಿ ಕಂಡರೆ ರೇಟು ಏರಿಸುವವರು ಈ ಕಸುಬಿನಲ್ಲೂ ಇದ್ದಾರೆ. ಆದರೆ ಅವರಿಗೆ ಗಾಬರಿ ಕಾಣುವುದು ‘ಅರ್ಜೆಂಟ್, ಎಷ್ಟಾದರೂ ಪರವಾಗಿಲ್ಲ’ ಎಂಬ ಸಾಲಿನಲ್ಲಿ. ಕಾಲು ಸುತ್ತಿನ ನಲ್ಲಿ, ಮೂತಿಯಿಂದ ಹನಿ ಎಂದು ಬರೆದವರಿಗೆ ನಲ್ಲಿಯ ಬಗ್ಗೆ ತಿಳಿದಿದೆ ಎಂದೇ ಯಾರಿಗಾದರೂ ಅನಿಸುತ್ತದೆ. ವಿವರ ಇಲ್ಲದಿದ್ದರೆ ಗೊತ್ತಿಲ್ಲದ ಕೆಲಸಕ್ಕೆ ನಾವು ಒಂದಿಷ್ಟು ಹೆಚ್ಚೇ ಹಿಡಿದು ಹೇಳುತ್ತೇವೆ. ಅದಲ್ಲದೆ ಎರಡು ಸಲ ಬಂದರೆ ಬಂದ ಖರ್ಚೂ ಎರಡು ಸಲ. ‘ಬಂದು ನೋಡಲು ಎಷ್ಟು, ಕೆಲಸ ಮಾಡಿಸಿದರೆ ಅದು ಕೂಲಿಯಲ್ಲೇ ಸೇರುತ್ತದೆಯೇ’ ಎಂದು ಸಂದೇಶದಲ್ಲೇ ಕೇಳಿ. ಇದನ್ನು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವ ಪ್ಲಂಬರ್ ನಿಮಗೆ ಬೇಡ. ಸ್ಪಿಂಡಲ್ ಬದಲಿಸಿದರೆ ಹಳೆಯದನ್ನು ಕೊಟ್ಟು ಹೋಗಲು ಹೇಳಿ. ಮುಂದಿನ ಸಲ ಅದನ್ನೇ ಅಂಗಡಿಯಲ್ಲಿ ತೋರಿಸಬಹುದು.

ಬರೆಯಬಾರದ್ದೂ ಒಂದೆರಡಿವೆ. ‘ಸಂಜೆ 6ರವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ’, ‘ಬೀಗದ ಕೈ ಚಪ್ಪಲಿ ಗೂಡಿನಲ್ಲಿದೆ’, ‘ನಾನು ಒಬ್ಬಳೇ ಇರುವುದು’ ಇಂಥ ಸಾಲುಗಳನ್ನು ಜನ ಸಲೀಸಾಗಿ ಬರೆಯುತ್ತಾರೆ. ನಿಮ್ಮ ಸಂದೇಶ ಎಷ್ಟು ಕೈ ದಾಟುತ್ತದೆ ಎಂದು ಆಗಲೇ ಹೇಳಿದೆ. ಮೊದಲ ಸಲ ಕರೆಯುತ್ತಿರುವವರಾದರೆ ಬಡಾವಣೆ, ಕ್ರಾಸ್, ತೊಂದರೆ, ಸಮಯ ಇಷ್ಟು ಕಳಿಸಿ. ಅವರು ಒಪ್ಪಿದ ಮೇಲೆ ಮನೆ ಸಂಖ್ಯೆ ಸೇರಿಸಿ ಅದೇ ಸಂದೇಶವನ್ನು ಪೂರ್ತಿಯಾಗಿ ಮತ್ತೆ ಕಳಿಸಿ. ನೀವಿಲ್ಲದಾಗ ಕೆಲಸ ಆಗಬೇಕಾದರೆ ಮಾಲೀಕರೋ ಪಕ್ಕದ ಮನೆಯವರೋ ಇರುವಂತೆ ನೋಡಿಕೊಂಡು ‘ಬರುವ ಮುಂಚೆ ಕರೆ ಮಾಡಿ, ಬಾಗಿಲು ತೆರೆಯುವವರು ಇರುತ್ತಾರೆ’ ಎಂದಷ್ಟೇ ಬರೆದರೆ ಸಾಕು.

ಕನ್ನಡದಲ್ಲಿ ಬರೆದರೆ ಓದುತ್ತಾರೆಯೇ? ಓದು ಬಲ್ಲ ಕನ್ನಡಿಗ ಪ್ಲಂಬರ್ ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡಕ್ಕಿಂತ ಕನ್ನಡ ಲಿಪಿಯೇ ಬೇಗ ತಲೆಗೆ ಹೋಗುತ್ತದೆ. ಆದರೆ ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಲ್ಲಿ ಒಡಿಶಾದವರು ಬಹಳ. ಅಲ್ಲಿನ ಕೇಂದ್ರಪಾಡ ಜಿಲ್ಲೆಯ ಪಟ್ಟಾಮುಂಡೈ ಸುತ್ತಮುತ್ತಲಿನ ಊರುಗಳು ಪ್ಲಂಬರ್‌ಗಳಿಗೇ ಹೆಸರುವಾಸಿ, ಅಲ್ಲಿ ಪ್ಲಂಬಿಂಗ್ ಕಲಿಸುವ ಸರ್ಕಾರಿ ಸಂಸ್ಥೆಯೇ ಇದೆ. ಅವರಿಗೆ ಕನ್ನಡ ಮಾತು ಸಾಕಷ್ಟು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅಂಥವರಿಗೆ ಇದೇ ಸಂದೇಶವನ್ನು ನಿಧಾನವಾಗಿ ಓದಿ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ, ಮನೆ ಸಂಖ್ಯೆ, ತಾರೀಕು, ಗಂಟೆ ಇವನ್ನು ಅಂಕಿಗಳಲ್ಲಿ ಕೆಳಗೆ ಬರೆಯಿರಿ. ಬರೀ ಧ್ವನಿ ಸಂದೇಶವಾದರೆ ವಿಳಾಸಕ್ಕಾಗಿ ರಸ್ತೆ ಬದಿಯಲ್ಲಿ ನಿಂತು ಮತ್ತೆ ಮತ್ತೆ ಕೇಳಬೇಕಾಗುತ್ತದೆ.

ನಿಮ್ಮ ಮನೆ 4ನೇ ಟಿ ಬ್ಲಾಕಿನಲ್ಲಿದೆ, ನಲ್ಲಿ ಕಾಲು ಸುತ್ತಿನದು, ಹನಿ ಮೂತಿಯಿಂದ ಎಂದು ಇಟ್ಟುಕೊಂಡು ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಖಾಲಿ ಬಿಟ್ಟ ಕಡೆ ನಿಮ್ಮದನ್ನು ತುಂಬಿಕೊಳ್ಳಿ.

‘ಅಣ್ಣ, ನಮಸ್ಕಾರ. ಜಯನಗರ 4ನೇ ಟಿ ಬ್ಲಾಕ್. ಸ್ನಾನದ ಮನೆಯ ನಲ್ಲಿ ನಿಲ್ಲಿಸಿದರೂ ಮೂತಿಯಿಂದ ಹನಿ ಬೀಳುತ್ತದೆ, ಗಂಟೆಗೆ ಒಂದು ಲೀಟರ್. ಕಾಲು ಸುತ್ತಿನ ನಲ್ಲಿ, … ಕಂಪನಿ, ಫೋಟೊ ಕೆಳಗಿದೆ. ಗೋಡೆ ಒಣಗಿದೆ. ತಾರಸಿಯ ವಾಲ್ವ್ ಮುಚ್ಚಿದರೆ ನೀರು ನಿಲ್ಲುತ್ತದೆ, ಬೀಗದ ಕೈ ನಮ್ಮ ಬಳಿ ಇದೆ.
ವಿಳಾಸ: ನಂ. …, …ನೇ ಮೇನ್, …ನೇ ಕ್ರಾಸ್, ಹಾಲಿನ ಬೂತಿನ ಎದುರು ಹಸಿರು ಗೇಟು, ಹೊರಗಿನ ಮೆಟ್ಟಿಲು, ಮೊದಲ ಮಹಡಿ.
ಶನಿವಾರ, ತಾರೀಕು …, ಬೆಳಿಗ್ಗೆ 10ರಿಂದ 12ರ ಒಳಗೆ ಬರಬಹುದೇ? ಆಗದಿದ್ದರೆ ಸೋಮವಾರ, ತಾರೀಕು …, ಬೆಳಿಗ್ಗೆ 8ಕ್ಕೆ. ಬಂದು ನೋಡಲು ಎಷ್ಟು ಎಂದು ತಿಳಿಸಿ. ಬರುವುದಾದರೆ ‘ಸರಿ, ಶನಿವಾರ’ ಎಂದು ಕಳಿಸಿ.
ಹೆಸರು …, ಮೊಬೈಲ್ …’

ಇದಕ್ಕಿಂತ ಚಿಕ್ಕದು ಬೇಕೆಂದರೆ ಮೊದಲು ತೆಗೆಯಬೇಕಾದದ್ದು ಲೀಟರಿನ ಲೆಕ್ಕ, ಆಮೇಲೆ ಮೆಟ್ಟಿಲು. ವಾಲ್ವಿನ ಸಾಲನ್ನು ಮಾತ್ರ ಬಿಡಬೇಡಿ. ಮೊದಲ ಸಾಲಿನಲ್ಲೇ ಬಡಾವಣೆಯ ಹೆಸರು ಬಂದಿರುವುದನ್ನು ಗಮನಿಸಿ. ನಮ್ಮ ಕಡೆಯವರೋ ಅಲ್ಲವೋ ಎಂದು ನಾವು ನೋಡುವುದೇ ಅದನ್ನು, ದೂರವಾದರೆ ಕೂಡಲೇ ಇಲ್ಲ ಎನ್ನುತ್ತೇವೆ, ನೀವು ಬೇರೆಯವರನ್ನು ನೋಡಿಕೊಳ್ಳಬಹುದು.

ನೀಲಿ ಗುರುತು ಬಂದರೆ ಓದಿದ್ದಾರೆ ಎಂದರ್ಥ, ಒಪ್ಪಿದ್ದಾರೆ ಎಂದಲ್ಲ. ಸಂದೇಶವನ್ನು ರಾತ್ರಿ 8ರ ನಂತರ ಕಳಿಸಿದರೆ ಮರುದಿನದ ಕೆಲಸ ಹೊಂದಿಸುವಾಗ ನಮ್ಮ ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ 10ರವರೆಗೂ ಉತ್ತರ ಬರದಿದ್ದರೆ ಒಂದು ಕರೆ ಮಾಡಿ, ತೆಗೆಯದಿದ್ದರೆ ಇನ್ನೊಬ್ಬರಿಗೆ ಕಳಿಸಿ. ಇಬ್ಬರಿಗೆ ಒಟ್ಟಿಗೆ ಕಳಿಸಿ, ಇಬ್ಬರೂ ಬಂದು ಬಾಗಿಲಲ್ಲಿ ನಿಂತ ಮೇಲೆ ಒಬ್ಬರನ್ನು ವಾಪಸು ಕಳಿಸಿದರೆ ಆ ನಂಬರು ಮುಂದೆ ನಿಮಗೆ ಸಿಗುವುದಿಲ್ಲ.

ಇದೆಲ್ಲ ತೊಟ್ಟಿಕ್ಕುವ ನಲ್ಲಿಗೆ. ಪೈಪು ಒಡೆದು ನೀರು ನುಗ್ಗುತ್ತಿದ್ದರೆ, ನೀರು ಸ್ವಿಚ್ ಬೋರ್ಡಿನ ಕಡೆ ಇಳಿಯುತ್ತಿದ್ದರೆ ಸಂದೇಶ ಬರೆಯುತ್ತ ಕೂರಬೇಡಿ. ವಾಲ್ವ್ ಮುಚ್ಚಿ, ಒದ್ದೆಯಾಗದ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಆರಿಸಿ, ಕರೆ ಮಾಡಿ. ಸ್ನಾನದ ಮನೆಯ ನೆಲದ ಜಾಲರಿಯಿಂದ ಕೊಳಚೆ ನೀರು ಮೇಲಕ್ಕೆ ಬರುತ್ತಿದ್ದು, ರಸ್ತೆಯ ಮ್ಯಾನ್‌ಹೋಲ್ ಕೂಡ ಉಕ್ಕುತ್ತಿದ್ದರೆ ಅದು ಪ್ಲಂಬರ್ ಕೈಯಲ್ಲಿ ಆಗುವ ಕೆಲಸವಲ್ಲ, ಜಲಮಂಡಳಿಯ 1916ಕ್ಕೆ ದೂರು ಕೊಡಬೇಕು. ಆಗಲೂ ಅವರು ಕೇಳುವುದು ಬಡಾವಣೆ, ಮೇನ್, ಕ್ರಾಸ್, ರಸ್ತೆಯಿಂದ ಕಾಣುವ ಗುರುತು ಇವನ್ನೇ.